ಕಡಲೆಯ ರೊಕ್ಕಕ್ಕೆ ತೊಂಬತ್ತೊಂದು ದಿನದ ಸರ್ಕಾರಿ ಬಿಲ್

ಮಲ್ಲಸಮುದ್ರದ ಸುತ್ತಿನ ಎರೆ ಹೊಲಗಳಲ್ಲಿ ಹಿಂಗಾರಿ ಕಡಲೆಯ ಒಕ್ಕಲಿ ಮುಗಿದು, ಗದಗ ಮಾರುಕಟ್ಟೆಯ ದಲಾಲಿ ಅಂಗಡಿಯಿಂದ ರೊಕ್ಕ ಕೈಗೆ ಬರುವ ಹೊತ್ತಿಗೆ ಸಾಮಾನ್ಯವಾಗಿ ಫೆಬ್ರುವರಿ ತಿಂಗಳು ಕೊನೆಗೆ ಬಂದಿರುತ್ತದೆ. ಅದೇ ರೊಕ್ಕ ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ ಎಂದು ಮತ್ತೆ ಹೊರಗೆ ಹೋಗಬೇಕಾದದ್ದು ರೋಹಿಣಿ ಮಳೆಯ ಹೊತ್ತಿಗೆ, ಅಂದರೆ ಮೇ ತಿಂಗಳ ಕೊನೆಗೆ. ನಡುವೆ ಇರುವುದು ಮೂರು ತಿಂಗಳು. ಈ ಮೂರು ತಿಂಗಳು ರೊಕ್ಕ ಹೆಚ್ಚಿನ ಮನೆಗಳಲ್ಲಿ ಉಳಿತಾಯ ಖಾತೆಯಲ್ಲಿ ಸುಮ್ಮನೆ ಇರುತ್ತದೆ. ಕೆಲವರು ಬ್ಯಾಂಕಿನಲ್ಲಿ ಮುದ್ದತಿ ಠೇವಣಿ ಮಾಡುತ್ತಾರೆ. ಇನ್ನು ಕೆಲವರು ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ ಸಿಗುತ್ತದೆಂದು ಪತ್ತಿನ ಸಂಘದಲ್ಲಿ ಇಡುತ್ತಾರೆ.

ಹೀಗೆ ಬರುವ ತಾರೀಖೂ ಹೋಗುವ ತಾರೀಖೂ ಮೊದಲೇ ಗೊತ್ತಿರುವ ರೊಕ್ಕಕ್ಕೆ ಹೊಂದುವ ಇನ್ನೊಂದು ದಾರಿ ಇದೆ. ಭಾರತ ಸರ್ಕಾರ ತನ್ನ ಅಲ್ಪಾವಧಿ ಸಾಲಕ್ಕಾಗಿ ಪ್ರತಿ ವಾರ ಹೊರಡಿಸುವ ಟ್ರೆಜರಿ ಬಿಲ್ಲನ್ನು ನಾವೇ ನೇರವಾಗಿ ಕೊಳ್ಳುವುದು ಆ ದಾರಿ. 2021ರ ನವೆಂಬರ್ 12ರಂದು ರಿಸರ್ವ್ ಬ್ಯಾಂಕ್ 'ರಿಟೇಲ್ ಡೈರೆಕ್ಟ್' ಯೋಜನೆ ಶುರುಮಾಡಿತು. ಅಂದಿನಿಂದ ಯಾವ ದಲ್ಲಾಳಿಯೂ ಇಲ್ಲದೆ, ಖಾತೆ ತೆರೆಯುವುದಕ್ಕಾಗಲಿ ನಡೆಸುವುದಕ್ಕಾಗಲಿ ಶುಲ್ಕವಿಲ್ಲದೆ, ಹತ್ತು ಸಾವಿರ ರೂಪಾಯಿಯಿಂದ ಇದನ್ನು ಕೊಳ್ಳಬಹುದು. ಅದಕ್ಕೂ ಮುಂಚೆ ಈ ಪೇಟೆ ಬಹುಮಟ್ಟಿಗೆ ಬ್ಯಾಂಕು, ವಿಮಾ ಕಂಪನಿ, ಮ್ಯೂಚುವಲ್ ಫಂಡ್‌ಗಳದ್ದಾಗಿತ್ತು.

ಬಿಲ್ ಎಂದರೆ ಏನೆಂದು ಬೆಟಗೇರಿಯ ಹಳೆಯ ವ್ಯಾಪಾರಸ್ಥರಿಗೆ ಹೇಳಿಕೊಡಬೇಕಾಗಿಲ್ಲ. ಅದು ಹುಂಡಿಯ ಹಾಗೆ. ಮುದ್ದತ್ತಿನ ದಿನ ನೂರು ರೂಪಾಯಿ ಕೊಡುವ ಪತ್ರವನ್ನು ಇವತ್ತು ನೂರಕ್ಕಿಂತ ಸ್ವಲ್ಪ ಕಡಿಮೆಗೆ ಕೊಳ್ಳುತ್ತೇವೆ. ಆ ಕಡಿಮೆಯೇ ನಮ್ಮ ಗಳಿಕೆ, ಬೇರೆ ಬಡ್ಡಿ ಎಂಬುದು ಇಲ್ಲ. 91, 182 ಮತ್ತು 364 ದಿನ ಎಂದು ಮೂರು ಮುದ್ದತ್ತುಗಳಿವೆ. ಈ ಅಂಕಿಗಳು ವಿಚಿತ್ರವಾಗಿ ಕಂಡರೂ ಲೆಕ್ಕ ಸರಳ: ಹದಿಮೂರು ವಾರ, ಇಪ್ಪತ್ತಾರು ವಾರ, ಐವತ್ತೆರಡು ವಾರ. ಹರಾಜು ನಡೆಯುವುದು ಬುಧವಾರ, ಬಿಲ್ ನಮ್ಮ ಖಾತೆಗೆ ಬರುವುದು ಗುರುವಾರ. ಆದ್ದರಿಂದ ಮುದ್ದತ್ತು ತೀರುವುದೂ ಗುರುವಾರವೇ. ನಡುವೆ ಸರ್ಕಾರಿ ರಜೆ ಬಂದರೆ ಮಾತ್ರ ದಿನ ಹಿಂದೆಮುಂದೆ ಆಗುತ್ತದೆ.

ಒಂದು ಕುಟುಂಬದ ಲೆಕ್ಕವನ್ನೇ ಹಿಡಿಯೋಣ. ಮಲ್ಲಸಮುದ್ರದ ಒಂದು ಮನೆಗೆ ಕಡಲೆ ಮಾರಿ, ಸಾಲ ತೀರಿಸಿ, ಎರಡು ಲಕ್ಷದ ನಲವತ್ತು ಸಾವಿರ ರೂಪಾಯಿ ಉಳಿದಿದೆ. ನಲವತ್ತು ಸಾವಿರವನ್ನು ಮನೆಖರ್ಚಿಗೆಂದು ಉಳಿತಾಯ ಖಾತೆಯಲ್ಲೇ ಬಿಟ್ಟು, ಎರಡು ಲಕ್ಷ ಮುಖಬೆಲೆಯ 91 ದಿನದ ಬಿಲ್ಲಿಗೆ ಬೇಡಿಕೆ ಸಲ್ಲಿಸುತ್ತಾರೆ. ಬಿಲ್ ಫೆಬ್ರುವರಿ 26ರ ಗುರುವಾರ ಖಾತೆಗೆ ಬಂತು ಎಂದಿಟ್ಟುಕೊಳ್ಳಿ. ಆ ವಾರದ ಹರಾಜಿನಲ್ಲಿ ನಿಂತ ದರ ವರ್ಷಕ್ಕೆ ಶೇ 5.5 ಎಂದೂ ಇಟ್ಟುಕೊಳ್ಳಿ; ಈ ದರ ವಾರವಾರವೂ ಬದಲಾಗುತ್ತದೆ, ನಿಮ್ಮ ವಾರದ್ದನ್ನು ನೀವೇ ನೋಡಿಕೊಳ್ಳಬೇಕು. ಬೆಲೆ ತೆಗೆಯುವ ಸೂತ್ರ ಹೀಗಿದೆ:

```
ಬೆಲೆ = 100 / (1 + ದರ × ದಿನ / 365)
     = 100 / (1 + 0.055 × 91 / 365)
     = 98.6473
```

ನೂರು ರೂಪಾಯಿಗೆ 98 ರೂಪಾಯಿ 65 ಪೈಸೆಯಷ್ಟು. ಎರಡು ಲಕ್ಷಕ್ಕೆ ಕೊಡಬೇಕಾದದ್ದು 1,97,294 ರೂಪಾಯಿ 60 ಪೈಸೆ. ಹದಿಮೂರು ವಾರ ಕಳೆದು ಮೇ 28ರ ಗುರುವಾರ ಪೂರ್ತಿ ಎರಡು ಲಕ್ಷ ಅದೇ ಬ್ಯಾಂಕ್ ಖಾತೆಗೆ ತಾನಾಗಿಯೇ ಬಂದು ಬೀಳುತ್ತದೆ. ಗಳಿಕೆ 2,705 ರೂಪಾಯಿ.

ಇದೇ ಹಣ ಶೇ 2.5ರ ಉಳಿತಾಯ ಖಾತೆಯಲ್ಲಿ ಇದ್ದಿದ್ದರೆ ಸುಮಾರು 1,230 ರೂಪಾಯಿ ಬರುತ್ತಿತ್ತು. ಶೇ 4.75ರ ಮುದ್ದತಿ ಠೇವಣಿಯಲ್ಲಿ ಇದ್ದಿದ್ದರೆ ಸುಮಾರು 2,336. ಅಂದರೆ ಉಳಿತಾಯ ಖಾತೆಗೆ ಹೋಲಿಸಿದರೆ ಹೆಚ್ಚು ಸಿಕ್ಕಿದ್ದು 1,475 ರೂಪಾಯಿ, ಠೇವಣಿಗೆ ಹೋಲಿಸಿದರೆ ಬರೀ 369 ರೂಪಾಯಿ. ಈ ಕೊನೆಯ ಅಂಕಿಯನ್ನು ಮುಚ್ಚಿಡಬಾರದು. ನಿಮ್ಮ ಬ್ಯಾಂಕು ಮೂರು ತಿಂಗಳಿಗೆ ಬಿಲ್ಲಿನಷ್ಟೇ ಅಥವಾ ಅದಕ್ಕಿಂತ ಹೆಚ್ಚು ದರ ಕೊಡುತ್ತಿದ್ದರೆ, ಬರೀ ಗಳಿಕೆಗಾಗಿ ಇಷ್ಟೆಲ್ಲ ಓಡಾಡುವ ಅಗತ್ಯವಿಲ್ಲ. ಬ್ಯಾಂಕುಗಳು ಒಂದೆರಡು ವರ್ಷದ ಠೇವಣಿಗೆ ಕೊಡುವ ದರಕ್ಕಿಂತ ಮೂರು ತಿಂಗಳ ಠೇವಣಿಗೆ ಕೊಡುವ ದರ ಸಾಮಾನ್ಯವಾಗಿ ಸಾಕಷ್ಟು ಕಡಿಮೆ ಇರುತ್ತದೆ. ಆದ್ದರಿಂದ ಅಲ್ಪಾವಧಿಯಲ್ಲಿ ಬಿಲ್ ಮುಂದಿರುವುದು ಹೆಚ್ಚು, ಒಂದು ವರ್ಷದ ಲೆಕ್ಕಕ್ಕೆ ಬಂದರೆ ಅನೇಕ ಸಲ ಠೇವಣಿಯೇ ಮುಂದಿರುತ್ತದೆ. ಹೋಲಿಸುವಾಗ ಅದೇ ಮುದ್ದತ್ತಿನ ಠೇವಣಿ ದರದ ಜೊತೆಗೇ ಹೋಲಿಸಬೇಕು.

ನನ್ನ ಮಟ್ಟಿಗೆ ಬಿಲ್ಲಿನ ನಿಜವಾದ ಬೆಲೆ ಬೇರೆ ಕಡೆ ಇದೆ. ನಿಮಗೆ ಹಣ ಕೊಡಬೇಕಾದವರು ಯಾರು ಎಂಬ ಪ್ರಶ್ನೆಯಲ್ಲಿ ಇದೆ.

ಠೇವಣಿ ಇಟ್ಟಾಗ ನೀವು ಬ್ಯಾಂಕಿಗೆ ಸಾಲ ಕೊಟ್ಟಂತೆ. ಬ್ಯಾಂಕು ಆ ಹಣವನ್ನು ಮತ್ತೊಬ್ಬರಿಗೆ ಸಾಲ ಕೊಡುತ್ತದೆ, ಅವರು ತೀರಿಸಿದರೆ ಬ್ಯಾಂಕು ಗಟ್ಟಿ. ಜೊತೆಗೆ, ತನ್ನಲ್ಲಿರುವ ಠೇವಣಿಗಳ ಶೇ 18ರಷ್ಟನ್ನು ಮುಖ್ಯವಾಗಿ ಸರ್ಕಾರಿ ಸಾಲಪತ್ರಗಳಲ್ಲೇ ಇಡಬೇಕೆಂಬ ಕಾನೂನು ಬ್ಯಾಂಕಿನ ಮೇಲಿದೆ. ಹಾಗಾಗಿ ನಿಮ್ಮ ಠೇವಣಿಯ ಒಂದು ಪಾಲು ಈಗಾಗಲೇ ಬ್ಯಾಂಕಿನ ಮೂಲಕ ಸರ್ಕಾರಕ್ಕೆ ಹೋಗಿಯೇ ಇದೆ. ಬಿಲ್ ಕೊಂಡಾಗ ನಡುವಿನ ಬ್ಯಾಂಕು ಇರುವುದಿಲ್ಲ, ನಿಮಗೆ ಹಣ ಕೊಡಬೇಕಾದದ್ದು ಭಾರತ ಸರ್ಕಾರ. ತನ್ನದೇ ರೂಪಾಯಿಯಲ್ಲಿ ತೀರಿಸಬೇಕಾದ ಸಾಲ ಅದು.

ಬ್ಯಾಂಕು ಮುಳುಗಿದರೆ ಠೇವಣಿ ವಿಮೆ ಇದೆಯಲ್ಲ ಎನ್ನಬಹುದು. ಇದೆ. 2020ರ ಫೆಬ್ರುವರಿ 4ರಿಂದ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷ ರೂಪಾಯಿಯವರೆಗೆ ವಿಮೆ ಸಿಗುತ್ತದೆ. ಆದರೆ ಆ ಐದು ಲಕ್ಷದಲ್ಲಿ ಅಸಲೂ ಬಡ್ಡಿಯೂ ಸೇರಿರುತ್ತವೆ. ಉಳಿತಾಯ ಖಾತೆ, ಮುದ್ದತಿ ಠೇವಣಿ ಎರಡೂ ಕೂಡುತ್ತವೆ. ಗದಗ ಶಾಖೆಯಲ್ಲಿ ಮೂರು ಲಕ್ಷ, ಲಕ್ಷ್ಮೇಶ್ವರ ಶಾಖೆಯಲ್ಲಿ ಮೂರು ಲಕ್ಷ ಎಂದು ಹಂಚಿಟ್ಟರೂ ಬ್ಯಾಂಕು ಒಂದೇ ಆದ್ದರಿಂದ ಲೆಕ್ಕ ಆರು ಲಕ್ಷವೇ. ಹಿಂದಿನ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನ ಗ್ರಾಹಕರು ಇಲ್ಲಿ ಒಂದು ವಿಷಯ ಗಮನಿಸಬೇಕು. 2025ರ ಮೇ 1ರಿಂದ ಅದು ಕರ್ನಾಟಕ ಗ್ರಾಮೀಣ ಬ್ಯಾಂಕಿನ ಜೊತೆ ಒಂದಾಗಿದೆ. ಮೊದಲು ಎರಡು ಬ್ಯಾಂಕುಗಳಲ್ಲಿ ಬೇರೆಬೇರೆಯಾಗಿ ಇಟ್ಟಿದ್ದವರಿಗೆ ಈಗ ಇರುವುದು ಒಂದೇ ಬ್ಯಾಂಕು.

ವಿಮೆಯೇ ಇಲ್ಲದ ಠೇವಣಿಯ ಮಾತು ಇನ್ನೂ ಮುಖ್ಯ, ಅದರಲ್ಲೂ ನಮ್ಮ ಜಿಲ್ಲೆಗೆ. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಹುಟ್ಟಿದ ಸಹಕಾರ ಸಂಘ ದೇಶದ ಸಹಕಾರ ಚಳವಳಿಗೇ ಹೆಸರು ತಂದಿತು. ಸಾಹುಕಾರರ ಬಡ್ಡಿಯಿಂದ ರೈತರನ್ನು ಬಿಡಿಸಿದ ಆ ಪರಂಪರೆಯಿಂದಲೇ ಇಲ್ಲಿ ಪತ್ತಿನ ಸಂಘ ಎಂದರೆ ಜನರಿಗೆ ಮನೆಯಷ್ಟು ನಂಬಿಕೆ. ಆ ನಂಬಿಕೆಗೆ ಕಾರಣವಿದೆ, ಚೆನ್ನಾಗಿ ನಡೆಯುವ ಸಂಘಗಳೂ ಇವೆ. ಆದರೂ ಪತ್ತಿನ ಸಹಕಾರ ಸಂಘಗಳು, ಸೌಹಾರ್ದ ಸಹಕಾರಿಗಳು ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಬ್ಯಾಂಕುಗಳಲ್ಲ, ಅಲ್ಲಿಟ್ಟ ಮುದ್ದತಿ ಠೇವಣಿಗೆ ಈ ಐದು ಲಕ್ಷದ ವಿಮೆ ಅನ್ವಯಿಸುವುದಿಲ್ಲ. ಪರವಾನಗಿ ಇರುವ ಸಹಕಾರಿ ಬ್ಯಾಂಕುಗಳಿಗೆ ಅನ್ವಯಿಸುತ್ತದೆ. ಎರಡರ ಬೋರ್ಡುಗಳೂ ದೂರದಿಂದ ಒಂದೇ ರೀತಿ ಕಾಣುತ್ತವೆ. ಠೇವಣಿ ವಿಮಾ ನಿಗಮದಲ್ಲಿ ನೋಂದಣಿ ಇದೆಯೇ ಎಂದು ಕೌಂಟರಿನಲ್ಲಿ ನೇರವಾಗಿ ಕೇಳಿ. ನಿಗಮದ ಜಾಲತಾಣದಲ್ಲಿ ವಿಮೆ ಇರುವ ಬ್ಯಾಂಕುಗಳ ಪಟ್ಟಿಯೂ ಇದೆ.

ವಿಮೆ ಇದ್ದರೂ ಹಣ ಸಿಗುವುದು ತಡವಾಗಬಹುದು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಠೇವಣಿದಾರರು ಮೊದಲಿಗೆ ತೆಗೆಯಬಹುದಾಗಿದ್ದದ್ದು 35,000 ರೂಪಾಯಿ ಮಾತ್ರ. ನಿವೃತ್ತಿಯ ಹಣ ಪೂರ್ತಿ ಅಲ್ಲೇ ಇಟ್ಟಿದ್ದ ಹಿರಿಯರ ಪಾಡು ಏನಾಯಿತೆಂದು ಆಗಿನ ಪತ್ರಿಕೆಗಳನ್ನು ಓದಿದವರಿಗೆ ನೆನಪಿರಬಹುದು. ಆಮೇಲೆ 2021ರಲ್ಲಿ ಕಾನೂನು ತಿದ್ದುಪಡಿಯಾಗಿ, ಇಂಥ ನಿರ್ಬಂಧ ಬಿದ್ದ ಬ್ಯಾಂಕಿನ ಠೇವಣಿದಾರರಿಗೆ ವಿಮಾ ಮೊತ್ತ 90 ದಿನದೊಳಗೆ ಸಿಗಬೇಕೆಂದು ನಿಗದಿಯಾಯಿತು. ಬಿತ್ತನೆಗೆ ಕಾದಿರುವ ರೊಕ್ಕಕ್ಕೆ 90 ದಿನ ಎಂದರೆ ಹಂಗಾಮೇ ಕಳೆದುಹೋಗುತ್ತದೆ.

ಹೀಗಾಗಿ ಐದು ಲಕ್ಷಕ್ಕಿಂತ ಹೆಚ್ಚು ಹಣ ಒಂದೇ ಬ್ಯಾಂಕಿನಲ್ಲಿ ಇರುವವರು, ಅಥವಾ ವಿಮೆಯಿಲ್ಲದ ಸಂಘದಲ್ಲಿ ದೊಡ್ಡ ಮೊತ್ತ ಇಟ್ಟಿರುವವರು ಬಿಲ್ಲಿನ ಕಡೆ ನೋಡಲೇಬೇಕು ಎಂದು ನಾನು ಹೇಳುತ್ತೇನೆ. ಐವತ್ತು ಸಾವಿರ ರೂಪಾಯಿಯನ್ನು ಗಟ್ಟಿ ಬ್ಯಾಂಕಿನಲ್ಲಿ ಇಟ್ಟವರಿಗೆ ಅಂಥ ಅವಸರವೇನಿಲ್ಲ.

ಈಗ ಕೊಳ್ಳುವ ಬಗೆ. ಬೇಕಾದದ್ದು ಪ್ಯಾನ್ ಕಾರ್ಡ್, ಆಧಾರ್‌ನಂಥ ವಿಳಾಸದ ದಾಖಲೆ, ನಿಮ್ಮ ಹೆಸರಿನ ಉಳಿತಾಯ ಖಾತೆ, ಮೊಬೈಲ್ ಸಂಖ್ಯೆ ಮತ್ತು ಇಮೇಲ್ ವಿಳಾಸ. ರಿಸರ್ವ್ ಬ್ಯಾಂಕಿನ ಜಾಲತಾಣ rbiretaildirect.org.in. 2024ರ ಮೇ ತಿಂಗಳಿಂದ RBI Retail Direct ಎಂಬ ಮೊಬೈಲ್ ಆ್ಯಪ್ ಕೂಡ ಇದೆ. ಅಲ್ಲಿ ವಿವರ ತುಂಬಿ, ಮೊಬೈಲಿಗೂ ಇಮೇಲಿಗೂ ಬರುವ ಒಟಿಪಿ ಕೊಟ್ಟು, ಗುರುತಿನ ಪರಿಶೀಲನೆ ಮುಗಿಸಿದರೆ ನಿಮ್ಮ ಹೆಸರಿನಲ್ಲಿ ಒಂದು ಗಿಲ್ಟ್ ಖಾತೆ ತೆರೆಯುತ್ತದೆ. ಕೊಂಡ ಬಿಲ್ಲೂ ಬಾಂಡೂ ಆ ಖಾತೆಯಲ್ಲಿ ಅಂಕಿಯಾಗಿ ಕಾಣುತ್ತವೆ; ಮುದ್ರಿಸಿದ ಕಾಗದ ಎಂಬುದು ಇಲ್ಲ. ಇನ್ನೊಬ್ಬರ ಜೊತೆ ಜಂಟಿಯಾಗಿಯೂ ಖಾತೆ ತೆರೆಯಬಹುದು. ಇಬ್ಬರವರೆಗೆ ನಾಮಿನಿ ಹೆಸರಿಸಬಹುದು, ಹೆಸರಿಸದೆ ಮುಂದೆ ಹೋಗಬೇಡಿ.

ನಮ್ಮ ಕಡೆ ಇಲ್ಲಿ ಎಡವಿಸುವುದು ಹೆಸರು. ಪ್ಯಾನ್‌ನಲ್ಲಿ ತಂದೆಯ ಹೆಸರೂ ಅಡ್ಡಹೆಸರೂ ಸೇರಿ ಉದ್ದವಾಗಿ ಇರುತ್ತದೆ, ಆಧಾರ್‌ನಲ್ಲಿ ಬರೀ ಇನಿಷಿಯಲ್ ಇರುತ್ತದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ 'ಗೌಡ', 'ಅವ್ವ', 'ಅಪ್ಪ' ಎಂಬುದು ಒಂದು ಕಡೆ ಕೂಡಿ, ಇನ್ನೊಂದು ಕಡೆ ಬಿಡಿಸಿ ಬರೆದಿರುತ್ತದೆ. ಮೂರೂ ಹೊಂದದಿದ್ದರೆ ಅರ್ಜಿ ಅರ್ಧಕ್ಕೆ ನಿಲ್ಲಬಹುದು. ಕಡಲೆ ಮಾರಿದ ಮೇಲೆ ಇದನ್ನು ಸರಿಪಡಿಸಲು ಹೊರಟರೆ ಒಂದೆರಡು ವಾರ ಅದರಲ್ಲೇ ಕಳೆಯುತ್ತದೆ. ಆದ್ದರಿಂದ ಬೆಳೆ ಹೊಲದಲ್ಲಿ ಇರುವಾಗಲೇ ಖಾತೆ ತೆರೆದಿಟ್ಟುಕೊಳ್ಳಿ. ಖಾಲಿ ಖಾತೆಗೆ ಖರ್ಚೇನೂ ಇಲ್ಲ.

ಹರಾಜು ಎಂದ ಕೂಡಲೇ ಎಪಿಎಂಸಿಯ ಚಿತ್ರ ಮನಸ್ಸಿಗೆ ಬರುತ್ತದೆ, ದರ ಕೂಗುವುದು ಹೇಗೆ ಎಂಬ ಅಳುಕೂ ಹುಟ್ಟುತ್ತದೆ. ಇಲ್ಲಿ ನೀವು ದರ ಕೂಗಬೇಕಿಲ್ಲ. ಬ್ಯಾಂಕುಗಳಂಥ ದೊಡ್ಡವರು ತಮ್ಮತಮ್ಮ ದರ ಕೊಟ್ಟು ಪೈಪೋಟಿ ನಡೆಸುತ್ತಾರೆ. ಸಣ್ಣವರಿಗೆ ಒಂದಿಷ್ಟು ಪಾಲು ಬೇರೆ ಎತ್ತಿಟ್ಟಿರುತ್ತದೆ. ನೀವು ಹೇಳಬೇಕಾದದ್ದು ಎಷ್ಟು ಮುಖಬೆಲೆಯ ಬಿಲ್ ಬೇಕು ಎಂಬುದೊಂದೇ, ಅದೂ ಹತ್ತು ಸಾವಿರದ ಗುಣಕದಲ್ಲಿ. ದೊಡ್ಡವರ ಒಪ್ಪಿತ ಬೇಡಿಕೆಗಳ ಸರಾಸರಿ ದರ ಏನು ನಿಲ್ಲುತ್ತದೋ ಅದೇ ನಿಮಗೂ ಸಿಗುತ್ತದೆ. ನೂರಾರು ಕೋಟಿಯ ಬ್ಯಾಂಕಿಗೂ ಎರಡು ಲಕ್ಷದ ರೈತನಿಗೂ ಹೆಚ್ಚುಕಡಿಮೆ ಒಂದೇ ದರ ಸಿಗುವ ಪೇಟೆ ಬೇರೆ ಎಲ್ಲಿದೆ?

ಹಣವನ್ನು ಮಾತ್ರ ಬೇಡಿಕೆಯ ಹೊತ್ತಿಗೇ ಯುಪಿಐ ಅಥವಾ ನೆಟ್ ಬ್ಯಾಂಕಿಂಗ್ ಮೂಲಕ ಹೊಂದಿಸಬೇಕು. ಅಂತಿಮ ಬೆಲೆ ಆಗ ಗೊತ್ತಿರುವುದಿಲ್ಲ, ಆದ್ದರಿಂದ ಅಂದಾಜು ಬೆಲೆಗಿಂತ ಸ್ವಲ್ಪ ಹೆಚ್ಚೇ ಹಿಡಿಯುತ್ತಾರೆ. ಹರಾಜು ಮುಗಿದ ಮೇಲೆ ಹೆಚ್ಚಾದದ್ದು ಖಾತೆಗೆ ವಾಪಸ್ ಬರುತ್ತದೆ. ಮೊದಲ ಸಲ ಕೊಳ್ಳುವವರು ಈ ಎರಡು ಅಂಕಿ ನೋಡಿ ಗಾಬರಿಯಾಗುವುದುಂಟು. ಗೇಟ್‌ವೇ ಶುಲ್ಕವೇನಾದರೂ ಬಿದ್ದರೆ ಅದು ಕೊಳ್ಳುವವರದ್ದೇ. ಬೇಡಿಕೆ ಮುಗಿಯುವ ವೇಳೆ ಪರದೆಯ ಮೇಲೆ ಕಾಣುತ್ತದೆ, ಆದರೂ ಬುಧವಾರ ಬೆಳಗಿನವರೆಗೆ ಕಾಯದೆ ಮಂಗಳವಾರವೇ ಮುಗಿಸುವುದು ಕ್ಷೇಮ. ಬೇಡಿಕೆ ಬಿದ್ದುಹೋಗುವುದು ಬಹಳ ಸಲ ಹಣ ಸಮಯಕ್ಕೆ ಹೋಗದೆ. ಈ ಯೋಜನೆಗೆ ಯುಪಿಐ ಮಿತಿಯನ್ನು ಐದು ಲಕ್ಷಕ್ಕೆ ಏರಿಸಲಾಗಿದೆ, ಆದರೆ ನಿಮ್ಮ ಬ್ಯಾಂಕು ತನ್ನ ಕಡೆಯಿಂದ ಅದಕ್ಕಿಂತ ಕಡಿಮೆ ಮಿತಿ ಇಟ್ಟಿರಬಹುದು. ದೊಡ್ಡ ಮೊತ್ತವಿದ್ದರೆ ಮೊದಲೇ ಶಾಖೆಯಲ್ಲಿ ವಿಚಾರಿಸಿಕೊಳ್ಳಿ.

ಗುರುವಾರ ಗಿಲ್ಟ್ ಖಾತೆಯನ್ನು ತೆರೆದು ನೋಡಿ. ಬಿಲ್ ಅಲ್ಲಿ ಕಂಡರೆ ಕೆಲಸ ಮುಗಿಯಿತು. ಮುದ್ದತ್ತಿನ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ, ಏಕೆಂದರೆ ಮುದ್ದತ್ತು ತೀರಿದ ಮೇಲೆ ಬಿಲ್ಲಿಗೆ ಒಂದು ಪೈಸೆಯೂ ಕೂಡುವುದಿಲ್ಲ, ಹಣ ಉಳಿತಾಯ ಖಾತೆಗೆ ಬಂದು ಕುಳಿತಿರುತ್ತದೆ. ಬ್ಯಾಂಕ್ ಠೇವಣಿಗೆ ತಾನಾಗಿಯೇ ಮುಂದುವರಿಯುವ ಅನುಕೂಲವನ್ನು ಅರ್ಜಿಯಲ್ಲೇ ಕೊಟ್ಟಿರುತ್ತಾರೆ. ಬಿಲ್ಲಿಗೆ ಅಂಥದ್ದು ಇರಲಿಲ್ಲ. 2025ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೂ ಸ್ವಯಂ ಬೇಡಿಕೆಯ ಸೌಲಭ್ಯ ಪ್ರಕಟಿಸಿತು. ನಿವೃತ್ತರಿಗೆ ಇದು ಉಪಯೋಗ. ಬಿತ್ತನೆಗೆ ಹಣ ಬೇಕಾದ ರೈತರು ಇದರ ಗೊಡವೆಗೆ ಹೋಗಬಾರದು, ಮೇ ತಿಂಗಳಲ್ಲಿ ಹಣ ಮತ್ತೆ ಮೂರು ತಿಂಗಳಿಗೆ ಕಟ್ಟಿಬಿದ್ದರೆ ತೊಂದರೆ.

ನಡುವೆಯೇ ಹಣ ಬೇಕಾದರೆ? ಇಲ್ಲಿ ಠೇವಣಿಯ ಕೈ ಮೇಲು, ಅದನ್ನು ಒಪ್ಪಬೇಕು. ಏಪ್ರಿಲ್‌ನಲ್ಲಿ ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿ ಆಸ್ಪತ್ರೆಗೆ ಹೋಗಬೇಕಾಯಿತು ಎನ್ನಿ. ಠೇವಣಿಯಾದರೆ ಶಾಖೆಗೆ ಹೋಗಿ ಅಂದೇ ಮುರಿಸಬಹುದು. ಇಟ್ಟಷ್ಟು ದಿನದ ದರದಲ್ಲಿ ಅರ್ಧದಿಂದ ಒಂದು ಪರ್ಸೆಂಟ್ ದಂಡ ಹಿಡಿಯಬಹುದು, ಅಸಲಿಗೆ ಧಕ್ಕೆಯಿಲ್ಲ. ಮುರಿಸುವುದೇ ಬೇಡವೆಂದರೆ ಠೇವಣಿಯ ಮೇಲೆ ಸಾಲವೂ ಸಿಗುತ್ತದೆ. ಬಿಲ್ಲನ್ನು ಸರ್ಕಾರ ಮುಂಚೆ ವಾಪಸ್ ತೆಗೆದುಕೊಳ್ಳುವುದಿಲ್ಲ. ಅದೇ ಜಾಲತಾಣದ ಮೂಲಕ ಪೇಟೆಯಲ್ಲಿ ಇನ್ನೊಬ್ಬರಿಗೆ ಮಾರಬೇಕು, ಹಣ ಬರುವುದು ಮಾರನೆಯ ಕೆಲಸದ ದಿನ. ಸಣ್ಣ ಮೊತ್ತಕ್ಕೂ ದರ ಹೇಳಬೇಕೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಪ್ರೈಮರಿ ಡೀಲರ್ ಎಂಬ ಸಂಸ್ಥೆಗಳಿಗೆ ಹೊಣೆ ವಹಿಸಿದೆ. ಆದರೂ ಅವರು ಹೇಳುವ ಬೆಲೆ ನಿಮ್ಮ ಲೆಕ್ಕಕ್ಕಿಂತ ಕೆಲವು ಪೈಸೆ ಕಡಿಮೆ ಇರುವುದೇ ಹೆಚ್ಚು. ಮೂರು ತಿಂಗಳ ಬಿಲ್ಲಿನಲ್ಲಿ ಒಟ್ಟು ಗಳಿಕೆಯೇ ನೂರಕ್ಕೆ ಒಂದೂಕಾಲು, ಒಂದೂವರೆ ರೂಪಾಯಿ ಆಗಿರುವಾಗ ಆ ಕೆಲವು ಪೈಸೆ ಲೆಕ್ಕಕ್ಕೆ ಬರುತ್ತದೆ. ನಮ್ಮ ಉದಾಹರಣೆಯ ಮನೆಯವರು ನಲವತ್ತು ಸಾವಿರ ಹೊರಗಿಟ್ಟದ್ದು ಇದೇ ಕಾರಣಕ್ಕೆ.

ಅದೇ ಜಾಲತಾಣದಲ್ಲಿ ಬಾಂಡುಗಳೂ ಸಿಗುತ್ತವೆ, ಅವುಗಳ ಸ್ವಭಾವ ಮಾತ್ರ ಪೂರ್ತಿ ಬೇರೆ. ಕೇಂದ್ರ ಸರ್ಕಾರದ ದೀರ್ಘಾವಧಿ ಬಾಂಡುಗಳ ಹರಾಜು ಸಾಮಾನ್ಯವಾಗಿ ಶುಕ್ರವಾರ, ರಾಜ್ಯಗಳದ್ದು ಮಂಗಳವಾರ. ಹೆಸರು ಓದುವುದು ಸುಲಭ: 7.18% GS 2033 ಎಂದಿದ್ದರೆ ವರ್ಷಕ್ಕೆ ಶೇ 7.18 ಬಡ್ಡಿ, ಕೇಂದ್ರದ ಪತ್ರ, ಅಸಲು ಬರುವುದು 2033ರಲ್ಲಿ. SDL ಅಥವಾ SGS ಎಂದಿದ್ದರೆ ರಾಜ್ಯದ್ದು. ಕರ್ನಾಟಕ ಸರ್ಕಾರವೂ ಹೀಗೆ ಸಾಲ ಎತ್ತುತ್ತದೆ, ಅದರ ದರ ಕೇಂದ್ರದ್ದಕ್ಕಿಂತ ಸಾಮಾನ್ಯವಾಗಿ ತುಸು ಹೆಚ್ಚು; ತೀರಿಸುವ ಹೊಣೆ ರಾಜ್ಯದ್ದು.

ಬಾಂಡಿನ ಬಡ್ಡಿ ಆರು ತಿಂಗಳಿಗೊಮ್ಮೆ ಬ್ಯಾಂಕ್ ಖಾತೆಗೆ ಬರುತ್ತದೆ. ಒಂದು ಲಕ್ಷದ ಶೇ 7ರ ಬಾಂಡಿಗೆ ಆರು ತಿಂಗಳಿಗೆ 3,500 ರೂಪಾಯಿ. ಅಸಲಿಗೆ ಸೇರಿ ಬೆಳೆಯುವುದಿಲ್ಲ. ಬ್ಯಾಂಕ್ ಠೇವಣಿಯಲ್ಲಿ ಬಡ್ಡಿಯ ಮೇಲೆ ಬಡ್ಡಿ ಕೂಡಿ ಕೊನೆಗೆ ದೊಡ್ಡ ಮೊತ್ತ ಬರುವುದನ್ನು ರೂಢಿಮಾಡಿಕೊಂಡವರು ಇಲ್ಲಿಯೂ ಅದನ್ನೇ ನಿರೀಕ್ಷಿಸಿದರೆ ನಿರಾಸೆ. ಮನೆ ನಡೆಸಲು ಆಗಾಗ ಹಣ ಬೇಕಾದ ನಿವೃತ್ತ ಶಿಕ್ಷಕರಿಗೆ ಇದೇ ಗುಣ ವರ. ಹತ್ತು ವರ್ಷ ಒಂದೇ ದರ ಕಟ್ಟಿಹಾಕಿಕೊಳ್ಳುವುದಕ್ಕೂ ಬಾಂಡು ಒಳ್ಳೆಯದು, ಬ್ಯಾಂಕ್ ಠೇವಣಿ ಮುಂದುವರಿಸುವಾಗ ಆ ಹೊತ್ತಿನ ದರ ಏನಿರುತ್ತದೋ ಯಾರು ಹೇಳಬೇಕು?

ಆದರೆ ನಡುವೆ ಮಾರಬೇಕಾಗಿ ಬಂದರೆ ಅಸಲೇ ಕರಗಬಹುದು. ಹತ್ತು ವರ್ಷದ, ಶೇ 7ರ, ಒಂದು ಲಕ್ಷದ ಬಾಂಡು ಕೊಂಡಿರಿ. ಒಂದು ವರ್ಷ ಕಳೆದಾಗ ಪೇಟೆಯಲ್ಲಿ ಅಂಥ ಬಾಂಡಿನ ದರ ಶೇ 8ಕ್ಕೆ ಏರಿದೆ. ಹೊಸದು ಶೇ 8 ಕೊಡುತ್ತಿರುವಾಗ ನಿಮ್ಮ ಶೇ 7ರದ್ದನ್ನು ಪೂರ್ತಿ ಬೆಲೆಗೆ ಯಾರೂ ಕೊಳ್ಳುವುದಿಲ್ಲ. ಉಳಿದ ಒಂಬತ್ತು ವರ್ಷದ ಲೆಕ್ಕ ಹಾಕಿದರೆ ಬೆಲೆ ಸುಮಾರು 93,670 ರೂಪಾಯಿಗೆ ಇಳಿಯುತ್ತದೆ. ದರ ಶೇ 6ಕ್ಕೆ ಇಳಿದಿದ್ದರೆ ಅದೇ ಬಾಂಡು ಸುಮಾರು 1,06,877 ರೂಪಾಯಿಗೆ ಹೋಗುತ್ತಿತ್ತು. 2033 ಅಥವಾ 2035 ಏನಿದೆಯೋ ಅಲ್ಲಿಯವರೆಗೆ ಇಟ್ಟುಕೊಂಡವರಿಗೆ ಈ ಏರಿಳಿತ ತಾಗುವುದಿಲ್ಲ, ಪೂರ್ತಿ ಲಕ್ಷ ಬಂದೇ ಬರುತ್ತದೆ. ಮಗಳ ಮದುವೆಗೆಂದು ಮೂರನೆಯ ವರ್ಷ ಮಾರಹೊರಟವರಿಗೆ ತಾಗುತ್ತದೆ. ಮುದ್ದತ್ತು ಉದ್ದವಾದಷ್ಟೂ ಏರಿಳಿತವೂ ದೊಡ್ಡದು. ಪಟ್ಟಿಯಲ್ಲಿ ನಲವತ್ತು, ಐವತ್ತು ವರ್ಷದ ಬಾಂಡುಗಳೂ ಬರುತ್ತವೆ. ಬಡ್ಡಿಯ ಅಂಕಿ ದಪ್ಪಗಿದೆ ಎಂದು ವರ್ಷ ನೋಡದೆ ಒತ್ತಬೇಡಿ. ಅವು ಹುಟ್ಟಿದ್ದು ವಿಮಾ ಕಂಪನಿ, ಪಿಂಚಣಿ ನಿಧಿಗಳ ಅಗತ್ಯಕ್ಕೆ.

ತೆರಿಗೆಯ ಮಾತು ಚಿಕ್ಕದು, ಆದರೆ ಇದರಲ್ಲಿ ಅನೇಕರು ತಪ್ಪು ತಿಳಿದಿದ್ದಾರೆ. ಸರ್ಕಾರಿ ಪತ್ರ ಎಂದ ಮಾತ್ರಕ್ಕೆ ತೆರಿಗೆ ಮಾಫಿಯಲ್ಲ. ಬಿಲ್ಲಿನ ಗಳಿಕೆಗೂ ಬಾಂಡಿನ ಬಡ್ಡಿಗೂ ಠೇವಣಿಯ ಬಡ್ಡಿಗೆ ಹಾಕುವಂತೆಯೇ ನಿಮ್ಮ ಆದಾಯದ ಹಂತಕ್ಕೆ ತಕ್ಕ ತೆರಿಗೆ ಇದೆ. ವ್ಯತ್ಯಾಸ ಮುರಿದುಕೊಳ್ಳುವುದರಲ್ಲಿ ಮಾತ್ರ. ಒಂದು ಬ್ಯಾಂಕಿನ ಬಡ್ಡಿ ವರ್ಷಕ್ಕೆ ಐವತ್ತು ಸಾವಿರ, ಹಿರಿಯ ನಾಗರಿಕರಿಗೆ ಒಂದು ಲಕ್ಷ ದಾಟಿದರೆ ಬ್ಯಾಂಕು ಟಿಡಿಎಸ್ ಹಿಡಿಯುತ್ತದೆ. ಇದು 2025ರ ಏಪ್ರಿಲ್‌ನಿಂದ ಇರುವ ಮಿತಿ. ಟ್ರೆಜರಿ ಬಿಲ್ಲಿಗೂ ಈ ಹರಾಜಿನ ಬಾಂಡುಗಳಿಗೂ ಟಿಡಿಎಸ್ ಇಲ್ಲ, ಆದ್ದರಿಂದ ರಿಟರ್ನ್ ಸಲ್ಲಿಸುವಾಗ ನೀವೇ ನೆನಪಿಟ್ಟು ತೋರಿಸಬೇಕು. ಕಡಲೆ ಮಾರಿದ ಹಣ ಕೃಷಿ ಆದಾಯವಾಗಿ ತೆರಿಗೆಯ ಹೊರಗಿದ್ದರೂ, ಆ ಹಣದಿಂದ ಬಿಲ್ ಕೊಂಡು ಬಂದ 2,705 ರೂಪಾಯಿ ಕೃಷಿ ಆದಾಯವಲ್ಲ.

ಇನ್ನು ಎಚ್ಚರಿಕೆಯ ವಿಷಯ. 'ಸರ್ಕಾರಿ ಬಾಂಡು ಕೊಡಿಸುತ್ತೇವೆ, ಶೇ 12 ಗ್ಯಾರಂಟಿ' ಎಂದು ಯಾರಾದರೂ ಫೋನ್ ಮಾಡಿದರೆ ಅದು ಸುಳ್ಳು. ಹರಾಜಿನ ದರವನ್ನು ಮುಂಚಿತವಾಗಿ ಗ್ಯಾರಂಟಿ ಕೊಡಲು ಯಾರಿಂದಲೂ ಆಗದು. ಹಣ ಯಾವುದೋ ವ್ಯಕ್ತಿಯ ಖಾತೆಗೆ ಹಾಕಿ ಎಂದರೆ ಅಲ್ಲಿಗೇ ನಿಲ್ಲಿಸಿ. ಅಂದವಾಗಿ ಮುದ್ರಿಸಿದ ಬಾಂಡ್ ಸರ್ಟಿಫಿಕೇಟ್ ಕೈಗೆ ಕೊಟ್ಟರೂ ನಂಬಬೇಡಿ, ಈ ಯೋಜನೆಯಲ್ಲಿ ಅಂಥ ಕಾಗದವೇ ಇಲ್ಲ. ಮೊಬೈಲ್ ಬಳಸಲು ಬಾರದ ಹಿರಿಯರಿಗೆ ಮನೆಯ ಓದಿದ ಮಕ್ಕಳು ಸಹಾಯ ಮಾಡಬಹುದು, ಆದರೆ ಜೋಡಿಸುವ ಮೊಬೈಲ್ ಸಂಖ್ಯೆಯೂ ಬ್ಯಾಂಕ್ ಖಾತೆಯೂ ಹಣದ ಒಡೆಯರದ್ದೇ ಆಗಿರಬೇಕು. ಸೇವಾ ಕೇಂದ್ರದವರ ಇಮೇಲ್ ಹಾಕಿಸಿ ಖಾತೆ ತೆರೆದರೆ, ಖಾತೆಯ ಸೂಚನೆಗಳೆಲ್ಲ ಅವರಿಗೇ ಹೋಗುತ್ತವೆ. ಗಿಲ್ಟ್ ಖಾತೆಯ ಸಂಖ್ಯೆಯನ್ನು ಪಾಸ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದು, ನಾಮಿನಿ ಯಾರೋ ಅವರಿಗೆ ತೋರಿಸಿಡಿ. ಠೇವಣಿಯ ರಸೀದಿ ಟ್ರಂಕಿನಲ್ಲಿ ಎಂದಾದರೂ ಮನೆಯವರ ಕೈಗೆ ಸಿಗುತ್ತದೆ. ಈ ಖಾತೆಗೆ ರಸೀದಿಯಿಲ್ಲ, ಹೇಳಿಡದಿದ್ದರೆ ಅದು ಇದೆ ಎಂಬುದೇ ಅವರಿಗೆ ತಿಳಿಯುವುದಿಲ್ಲ.